ಮಾತು ನಂಬಿ ಜಮೀನು ಕೊಂಡವರಿಗೆ ಎಸ್ಟಾಪಲ್: ಶಿರಸಿ ಸೀಮೆಯ ಒಂದು ಉದಾಹರಣೆಯೊಂದಿಗೆ

“ತಮ್ಮನನ್ನು ಕೇಳಿಯೇ ಅಣ್ಣನಿಂದ ತೋಟ ಕೊಂಡೆ. ಆಗ ತನ್ನದೇನೂ ಇಲ್ಲ ಅಂದವನು ಈಗ ಪಾಲು ಕೇಳಿ ದಾವೆ ಹಾಕಿದ್ದಾನೆ. ಅವನು ಹೀಗೆ ಮಾತು ಬದಲಿಸಬಹುದೇ?” ಶಿರಸಿ, ಸಿದ್ದಾಪುರ, ಕುಮಟಾ ಕಡೆಯ ಓದುಗರು ಬೇರೆ ಬೇರೆ ರೂಪದಲ್ಲಿ ಕೇಳುತ್ತಿರುವುದು ಇದೇ ಪ್ರಶ್ನೆ. ಉತ್ತರ ಇರುವುದು ಸಾಕ್ಷ್ಯ ಕಾಯ್ದೆಯ ಎಸ್ಟಾಪಲ್ ಎಂಬ ನಿಯಮದಲ್ಲಿ. ಕೆಲವರಿಗೆ ಅದು ಪೂರ್ತಿ ರಕ್ಷಣೆ ಕೊಡುತ್ತದೆ, ಕೆಲವರಿಗೆ ಅರ್ಧ, ಇನ್ನು ಕೆಲವರಿಗೆ ಏನೂ ಇಲ್ಲ. ನೀವು ಯಾವ ಗುಂಪಿನವರು ಎಂಬುದನ್ನು ವಕೀಲರ ಬಳಿ ಹೋಗುವ ಮೊದಲೇ ಒಂದು ಮಟ್ಟಿಗೆ ತಿಳಿದುಕೊಳ್ಳಬಹುದು. ಅದಕ್ಕಾಗಿ ಈ ಬರಹ.

1872ರ ಭಾರತೀಯ ಸಾಕ್ಷ್ಯ ಕಾಯ್ದೆಯಲ್ಲಿ ಈ ನಿಯಮ 115ನೇ ಕಲಮಾಗಿತ್ತು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದಲ್ಲಿ ಅದು 121ನೇ ಕಲಮು. ಸಾರ ಬದಲಾಗಿಲ್ಲ. ಒಬ್ಬ ವ್ಯಕ್ತಿ ತನ್ನ ಹೇಳಿಕೆಯಿಂದ, ನಡತೆಯಿಂದ ಅಥವಾ ಸುಮ್ಮನಿದ್ದುದರಿಂದ ಒಂದು ಸಂಗತಿ ನಿಜವೆಂದು ಇನ್ನೊಬ್ಬನು ನಂಬುವಂತೆ ಉದ್ದೇಶಪೂರ್ವಕವಾಗಿ ಮಾಡಿದರೆ, ಆ ನಂಬಿಕೆಯ ಮೇಲೆ ಇನ್ನೊಬ್ಬನು ನಡೆದುಕೊಂಡಿದ್ದರೆ, ಮುಂದೆ ಇವರಿಬ್ಬರ ನಡುವಿನ ದಾವೆಯಲ್ಲಿ ಮೊದಲನೆಯವನು ಆ ಸಂಗತಿಯನ್ನು ಅಲ್ಲಗಳೆಯುವಂತಿಲ್ಲ. ಅವನ ವಾರಸುದಾರರೂ ಅಲ್ಲಗಳೆಯುವಂತಿಲ್ಲ.

ಅಂದರೆ ಸಂಗತಿ ನಿಜವೋ ಸುಳ್ಳೋ ಎಂಬ ವಿಚಾರಣೆಗೇ ಇಲ್ಲಿ ಅವಕಾಶವಿಲ್ಲ. ಕಲಮಿನಲ್ಲೇ ಒಂದು ದೃಷ್ಟಾಂತ ಕೊಟ್ಟಿದ್ದಾರೆ. ತನ್ನದಲ್ಲದ ಜಮೀನನ್ನು ತನ್ನದೆಂದು ನಂಬಿಸಿ ಒಬ್ಬನು ಮಾರುತ್ತಾನೆ. ಆಮೇಲೆ ಆ ಜಮೀನು ನಿಜವಾಗಿಯೇ ಅವನದಾಗುತ್ತದೆ. ಆಗ “ಮಾರುವ ಹೊತ್ತಿಗೆ ನನಗೆ ಹಕ್ಕೇ ಇರಲಿಲ್ಲ, ಹಾಗಾಗಿ ಮಾರಾಟ ರದ್ದು ಮಾಡಿ” ಎಂದು ಅವನು ನ್ಯಾಯಾಲಯಕ್ಕೆ ಬಂದರೆ, ಹಕ್ಕಿರಲಿಲ್ಲ ಎಂಬುದನ್ನು ಸಾಬೀತು ಮಾಡಲು ಅವನಿಗೆ ಬಿಡುವುದಿಲ್ಲ. ಅವನು ಹೇಳುತ್ತಿರುವುದು ಸತ್ಯವೇ ಆದರೂ ಬಿಡುವುದಿಲ್ಲ.

ಮುಂದಿನ ಹಂತಗಳನ್ನು ವಿವರಿಸಲು ಒಂದು ಕಲ್ಪಿತ ಪ್ರಕರಣ ಇಟ್ಟುಕೊಳ್ಳೋಣ. ಶಿರಸಿ ತಾಲೂಕಿನ ಒಂದು ಹಳ್ಳಿಯಲ್ಲಿ 30 ಗುಂಟೆಯ ಪಾಳುಬಿದ್ದ ತೋಟ. ಅಪ್ಪನ ಸ್ವಯಾರ್ಜಿತ ಆಸ್ತಿ. ವಿಲ್ ಬರೆಯದೆ ಅಪ್ಪ ತೀರಿಕೊಂಡಿದ್ದಾರೆ, ಅಮ್ಮ ಅದಕ್ಕೂ ಮೊದಲೇ ಹೋಗಿದ್ದಾರೆ. ಮಕ್ಕಳು ಮೂವರು: ಊರಲ್ಲೇ ಇರುವ ಅಣ್ಣ, ಬೆಂಗಳೂರಿನಲ್ಲಿರುವ ತಮ್ಮ, ಅಂಕೋಲೆಗೆ ಕೊಟ್ಟಿರುವ ತಂಗಿ. ಹಿಂದೂ ಉತ್ತರಾಧಿಕಾರ ಕಾಯ್ದೆಯ ಪ್ರಕಾರ ಮೂವರಿಗೂ ಸಮಪಾಲು, ತಲಾ 10 ಗುಂಟೆಯ ಲೆಕ್ಕ. ಆದರೆ ಉತಾರದಲ್ಲಿ, ಅಂದರೆ ಪಹಣಿಯಲ್ಲಿ, ಇರುವುದು ಅಣ್ಣನ ಹೆಸರೊಂದೇ. ಕುಮಟಾದವರೊಬ್ಬರು ತೋಟ ಕೊಳ್ಳಲು ಬಂದಾಗ ವಂಶವೃಕ್ಷ ನೋಡಿದ ವಕೀಲರು “ತಮ್ಮನನ್ನು ಒಂದು ಮಾತು ಕೇಳಿ” ಅನ್ನುತ್ತಾರೆ. 2021ರ ಫೆಬ್ರವರಿಯಲ್ಲಿ ಕೊಳ್ಳುವವರು ತಮ್ಮನಿಗೆ ಫೋನ್ ಮಾಡುತ್ತಾರೆ. ಅದೇ ಸಂಜೆ ಅವನಿಂದ ವಾಟ್ಸಾಪ್‌ನಲ್ಲಿ ಧ್ವನಿ ಸಂದೇಶ ಬರುತ್ತದೆ: “ಆ ತೋಟ ಅಣ್ಣನ ಪಾಲಿಗೆ ಹೋಗಿದ್ದು. ಅಪ್ಪ ಹೋದ ಮಾರನೇ ವರ್ಷವೇ ನಮ್ಮಲ್ಲಿ ಹಿಸೆ ಆಗಿದೆ. ನನಗೆ ಅದರಲ್ಲಿ ಏನೂ ಇಲ್ಲ, ನೀವು ತಗೊಳ್ಳಿ.” ಮಾರ್ಚ್‌ನಲ್ಲಿ 12 ಲಕ್ಷಕ್ಕೆ ಖರೀದಿ ಪತ್ರ ನೋಂದಣಿಯಾಗುತ್ತದೆ. ನಂತರ 400 ಅಡಿಕೆ ಸಸಿ, ಒಂದು ಬಾವಿ, ಪಂಪ್‌ಸೆಟ್. 2025ರಲ್ಲಿ ತಮ್ಮನ ದಾವೆ ಬರುತ್ತದೆ: ಹಿಸೆ ಆಗಿಯೇ ಇಲ್ಲ, ನನ್ನ ಮೂರನೇ ಒಂದು ಪಾಲು ಕೊಡಿಸಿ.

ಹಂತ 1: ಅವರು ಹೇಳಿದ್ದನ್ನು ಹೇಳಿದ ಹಾಗೇ ಬರೆದಿಡಿ

ಒಂದು ಹಾಳೆ ತೆಗೆದುಕೊಂಡು ಯಾರು, ಯಾರಿಗೆ, ಯಾವತ್ತು, ಯಾವ ಶಬ್ದಗಳಲ್ಲಿ ಹೇಳಿದರು ಎಂದು ಬರೆಯಿರಿ. “ಒಪ್ಪಿಗೆ ಕೊಟ್ಟಿದ್ದ” ಎಂದು ಸಾರಾಂಶ ಬರೆದರೆ ಪ್ರಯೋಜನವಿಲ್ಲ. ಮೂಲ ಶಬ್ದಗಳೇ ಬೇಕು, ಏಕೆಂದರೆ ಒಂದು ಕ್ರಿಯಾಪದದ ಕಾಲ ಬದಲಾದರೂ ಪ್ರಕರಣದ ಗತಿ ಬದಲಾಗುತ್ತದೆ.

121ನೇ ಕಲಮು ಅನ್ವಯವಾಗುವುದು ಆಗಿರುವ ಅಥವಾ ಇರುವ ಸಂಗತಿಯ ಹೇಳಿಕೆಗೆ. “ಹಿಸೆ ಆಗಿದೆ, ತೋಟ ಅಣ್ಣನ ಪಾಲಿನದು” ಅಂಥ ಹೇಳಿಕೆ. ಅದರ ಬದಲು ತಮ್ಮ “ಮುಂದೆ ಹಿಸೆ ಮಾಡುವಾಗ ಆ ತೋಟ ಅಣ್ಣನಿಗೇ ಬಿಡುತ್ತೇನೆ” ಎಂದಿದ್ದರೆ ಅದು ವಾಗ್ದಾನ. ವಾಗ್ದಾನ ಮುರಿದರೆ ಪರಿಹಾರ ಹುಡುಕಬೇಕಾದ್ದು ಕರಾರು ಕಾಯ್ದೆಯಲ್ಲಿ. ‘ಪ್ರಾಮಿಸರಿ ಎಸ್ಟಾಪಲ್’ ಎಂಬ ಬೇರೊಂದು ತತ್ವವೂ ಇದೆ. ಮುಂದೆ ಹೀಗೆ ಮಾಡುತ್ತೇನೆಂದು ಕೊಟ್ಟ ಮಾತಿಗೆ ಕಟ್ಟಿಹಾಕುವ ತತ್ವ ಅದು. 1979ರ ಮೋತಿಲಾಲ್ ಪದಮ್‌ಪತ್ ಸಕ್ಕರೆ ಕಾರ್ಖಾನೆಯ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಅದನ್ನು ಸರ್ಕಾರದ ವಿರುದ್ಧ ಎತ್ತಿಹಿಡಿಯಿತು, ಆದರೆ ಅದರ ಮೂಲ ಸಾಕ್ಷ್ಯ ಕಾಯ್ದೆಯಲ್ಲ. ಎರಡನ್ನೂ ಕಲಸಿ ವಾದ ಮಾಡಿದರೆ ಎರಡೂ ಸೋಲುತ್ತವೆ. “ನನ್ನ ಪಾಲನ್ನು ಅಣ್ಣನಿಗೆ ಬಿಟ್ಟುಕೊಟ್ಟಿದ್ದೇನೆ” ಎಂಬ ಮಾತೂ ತೊಡಕಿನದೇ. ಸ್ಥಿರಾಸ್ತಿಯ ಪಾಲು ಬಿಟ್ಟುಕೊಡಲು ನೋಂದಾಯಿತ ಹಕ್ಕು ಬಿಡುಗಡೆ ಪತ್ರ ಬೇಕಾಗುತ್ತದೆ, ಬಾಯಿಮಾತಿನ ಬಿಡುಗಡೆಗೆ ಎದುರು ವಕೀಲರು ಅದೇ ಆಕ್ಷೇಪ ಎತ್ತುತ್ತಾರೆ.

ತಮ್ಮ ನಿಮಗೆ ಮೋಸ ಮಾಡಬೇಕೆಂದೇ ಹೇಳಿದ್ದನೇ ಎಂಬುದು ಮುಖ್ಯವಲ್ಲ. 1892ರಲ್ಲೇ ಶರತ್‌ಚಂದ್ರ ಡೇ ಪ್ರಕರಣದಲ್ಲಿ ಪ್ರಿವಿ ಕೌನ್ಸಿಲ್ ಇದನ್ನು ಸ್ಪಷ್ಟಪಡಿಸಿದೆ. ಹೇಳಿದವನು ಪ್ರಾಮಾಣಿಕವಾಗಿ ತಪ್ಪು ತಿಳಿದು ಹೇಳಿದ್ದರೂ ಎಸ್ಟಾಪಲ್ ಬರುತ್ತದೆ. ನ್ಯಾಯಾಲಯ ನೋಡುವುದು ಆ ಮಾತು ಕೇಳಿದವನ ಮೇಲೆ ಏನು ಪರಿಣಾಮ ಮಾಡಿತು ಎಂಬುದನ್ನು. ಹಾಗಾಗಿ “ಅವನು ವಂಚಕ” ಎಂದು ಪುಟಗಟ್ಟಲೆ ಬರೆಸುವ ಅಗತ್ಯವಿಲ್ಲ. ನಮ್ಮಲ್ಲಿ ಎಷ್ಟೋ ದಾವೆಗಳು ಈ ಅನಗತ್ಯ ಆರೋಪವನ್ನು ಸಾಬೀತು ಮಾಡಲು ಹೋಗಿ ವರ್ಷ ಕಳೆಯುತ್ತವೆ ಎಂಬುದು ನನಗೆ ಬೇಸರದ ಸಂಗತಿ.

ಮಾತೇ ಆಡದೆ ಸುಮ್ಮನಿದ್ದರೆ? ಮೌನವೂ ಸಾಕಾಗಬಹುದು, ಆದರೆ ಮಾತನಾಡಬೇಕಾದ ಹೊಣೆ ಇದ್ದಾಗ ಮಾತ್ರ. ಜಾಗ ನಿಮ್ಮದೇ ಎಂದು ತಪ್ಪಾಗಿ ನಂಬಿ ನೀವು ಬಾವಿ ತೋಡುತ್ತಿದ್ದೀರಿ, ತಮ್ಮ ಊರಿಗೆ ಬಂದು ನೋಡಿದ್ದಾನೆ, ನೀವು ತಪ್ಪು ತಿಳಿದಿದ್ದೀರೆಂದು ಅವನಿಗೆ ಗೊತ್ತು, ಆದರೂ ಬಾಯಿ ಬಿಟ್ಟಿಲ್ಲ. ಅಂಥ ಮೌನಕ್ಕೆ ಬೆಲೆಯಿದೆ. ಬೆಂಗಳೂರಿನಲ್ಲಿದ್ದು ಬಾವಿಯ ಸುದ್ದಿಯೇ ತಿಳಿಯದವನ ಮೌನಕ್ಕೆ ಬೆಲೆಯಿಲ್ಲ.

ಇಲ್ಲಿ ಬಹಳ ಜನ ಎಡವುವ ಎರಡು ಜಾಗಗಳಿವೆ. ಮೊದಲನೆಯದು ಸಾಕ್ಷಿ ಸಹಿ. “ಖರೀದಿ ಪತ್ರಕ್ಕೆ ತಮ್ಮನೇ ಸಾಕ್ಷಿ ಹಾಕಿದ್ದಾನಲ್ಲ” ಎಂದು ನಿಶ್ಚಿಂತೆಯಿಂದ ಇರಬೇಡಿ. ಸಾಕ್ಷಿ ಸಹಿಯಿಂದ ತಿಳಿಯುವುದು ಬರೆದುಕೊಟ್ಟವನು ತನ್ನ ಕಣ್ಣೆದುರು ಸಹಿ ಮಾಡಿದ ಎಂಬುದಷ್ಟೇ. ಪತ್ರದೊಳಗೆ ಏನಿದೆ ಎಂಬುದು ಅವನಿಗೆ ಗೊತ್ತಿತ್ತು ಎಂದು ನೀವು ಬೇರೆ ಸಾಕ್ಷ್ಯದಿಂದ ತೋರಿಸಬೇಕು: ಕರಡು ಅವನಿಗೆ ಕಳಿಸಿದ್ದು, ಅವನೆದುರು ಓದಿ ಹೇಳಿದ್ದು, ಅವನು ಬೆಲೆಯ ಚೌಕಾಸಿಯಲ್ಲಿ ಕೂತಿದ್ದು.

ಎರಡನೆಯದು ಕಂದಾಯ ಇಲಾಖೆಗೆ ಕೊಟ್ಟ ಹೇಳಿಕೆ. ವಾಟ್ನಿ ವರ್ದಿಯಲ್ಲೋ, ಅಂದರೆ ಹಿಸೆ ಆಗಿದೆಯೆಂದು ಕೊಡುವ ವರದಿಯಲ್ಲೋ, ಗ್ರಾಮ ಆಡಳಿತ ಅಧಿಕಾರಿಯ ಮುಂದೆಯೋ ತಮ್ಮ ಹಿಂದೆಂದೋ ಸಹಿ ಮಾಡಿದ್ದರೆ ಅದು ಉಪಯೋಗಕ್ಕೆ ಬರುತ್ತದೆ, ಆದರೆ ಒಪ್ಪಿಕೆಯಾಗಿ. ಒಪ್ಪಿಕೆ ಎಂದರೆ ತನ್ನ ಹಿತಕ್ಕೆ ವಿರುದ್ಧವಾಗಿ ತಾನೇ ಹೇಳಿದ್ದು. ಅದು ಬಲವಾದ ಸಾಕ್ಷ್ಯ, ಅಂತಿಮ ಸಾಕ್ಷ್ಯವಲ್ಲ. “ಓದದೆ ಸಹಿ ಮಾಡಿದೆ, ಸಂಗತಿ ಹಾಗಿರಲಿಲ್ಲ” ಎಂದು ಸಾಬೀತು ಮಾಡಲು ಅವನಿಗೆ ದಾರಿಯಿದೆ. ಅದೇ ವರ್ದಿಯನ್ನು ನೀವು ನೋಡಿ, ನಂಬಿ ಕೊಂಡಿದ್ದೀರಿ ಎಂದಾದಾಗ ಮಾತ್ರ ಎಸ್ಟಾಪಲ್‌ನ ಮಾತು ಬರುತ್ತದೆ.

ಹಂತ 2: ನೀವು ನಿಜವಾಗಿ ನಂಬಿದಿರಾ ಎಂದು ನಿಮ್ಮನ್ನೇ ಕೇಳಿಕೊಳ್ಳಿ

ಇದು ಅತ್ಯಂತ ಪ್ರಾಮಾಣಿಕವಾಗಿ ಉತ್ತರಿಸಬೇಕಾದ ಪ್ರಶ್ನೆ. ನಿಜ ಸಂಗತಿ ನಿಮಗೆ ಮೊದಲೇ ಗೊತ್ತಿದ್ದರೆ ನೀವು ಮೋಸಹೋಗಿಲ್ಲ, ಹಾಗಾಗಿ ಎಸ್ಟಾಪಲ್ ಇಲ್ಲ. 1903ರ ಪ್ರಸಿದ್ಧ ಮೊಹೋರಿ ಬೀಬಿ ಪ್ರಕರಣದಲ್ಲಿ ಸಾಲಗಾರ ತಾನು ವಯಸ್ಕ ಎಂದು ಬರೆದುಕೊಟ್ಟಿದ್ದ. ಆದರೆ ಅವನು ಅಪ್ರಾಪ್ತ ಎಂಬುದು ಸಾಲ ಕೊಟ್ಟವನ ಏಜೆಂಟನಿಗೆ ತಿಳಿದಿತ್ತು. ಸತ್ಯ ಎರಡೂ ಕಡೆಯವರಿಗೆ ಗೊತ್ತಿದ್ದಾಗ ಎಸ್ಟಾಪಲ್ ಹುಟ್ಟುವುದಿಲ್ಲ ಎಂದು ಪ್ರಿವಿ ಕೌನ್ಸಿಲ್ ಹೇಳಿತು. ಏಜೆಂಟನಿಗೆ ಗೊತ್ತಿದ್ದುದು ಯಜಮಾನನಿಗೂ ಗೊತ್ತಿದ್ದಂತೆಯೇ. ನಿಮ್ಮ ಪರವಾಗಿ ವ್ಯವಹಾರ ನಡೆಸಿದ ಭಾವನೋ ದಲ್ಲಾಳಿಯೋ ಅದೇ ಹಳ್ಳಿಯವರಾಗಿದ್ದು, ಹಿಸೆ ಆಗಿಲ್ಲವೆಂಬುದು ಅವರಿಗೆ ಗೊತ್ತಿತ್ತೇ ಎಂಬುದನ್ನೂ ಈಗಲೇ ವಿಚಾರಿಸಿ. ಪಾಟೀ ಸವಾಲಿನಲ್ಲಿ ಈ ಪ್ರಶ್ನೆ ಬಂದೇ ಬರುತ್ತದೆ.

ಕುಟುಂಬದೊಳಗಿನ ವ್ಯಾಜ್ಯಗಳಲ್ಲಿ ಎಸ್ಟಾಪಲ್ ಬೀಳುವುದು ಹೆಚ್ಚಾಗಿ ಈ ಹಂತದಲ್ಲೇ. ಹಿಂದಿನ ಮೈಸೂರು ರಾಜ್ಯದಿಂದ ಸುಪ್ರೀಂ ಕೋರ್ಟಿಗೆ ಹೋದ ಆರ್. ಎಸ್. ಮದ್ದನಪ್ಪ ವಿರುದ್ಧ ಚಂದ್ರಮ್ಮ ಎಂಬ 1965ರ ಪ್ರಕರಣವನ್ನು ಓದಿದರೆ ಇದು ಮನದಟ್ಟಾಗುತ್ತದೆ. ಆಸ್ತಿ ತಾಯಿಯದು, ತಾಯಿ ತೀರಿದ ಮೇಲೆ ವಶದಲ್ಲಿದ್ದುದು ತಂದೆಯ ಕೈಯಲ್ಲಿ. ಮಗಳೊಬ್ಬಳ ನಡತೆಯಿಂದ ಅವಳ ಪಾಲಿನ ಹಕ್ಕು ಕಟ್ಟಿಹೋಗಿದೆ ಎಂಬ ವಾದ ಬಂತು. ನ್ಯಾಯಾಲಯ ಒಪ್ಪಲಿಲ್ಲ. ಆಸ್ತಿ ಯಾರದೆಂಬುದು ತಂದೆಗೆ ತಿಳಿದೇ ಇದ್ದಾಗ, ಮಗಳ ನಡತೆಯಿಂದ ಅವರು ದಾರಿತಪ್ಪಿದರು ಎನ್ನಲು ಸಾಧ್ಯವಿಲ್ಲ ಎಂಬುದು ಅದರ ಸಾರ. ನಮ್ಮ ಉದಾಹರಣೆಗೆ ಇದನ್ನು ಹಚ್ಚಿ ನೋಡಿ. ತಮ್ಮನ ಧ್ವನಿ ಸಂದೇಶವನ್ನು ಅಣ್ಣ ತನ್ನ ರಕ್ಷಣೆಗೆ ಬಳಸಲಾರ, ಏಕೆಂದರೆ ಹಿಸೆ ಆಗಿದೆಯೋ ಇಲ್ಲವೋ ಎಂಬುದು ಅಣ್ಣನಿಗೆ ಖುದ್ದು ಗೊತ್ತು. ಕುಮಟಾದಿಂದ ಬಂದ ಹೊರಗಿನವರಿಗೆ ಗೊತ್ತಿರಲಿಲ್ಲ. ಮಾತು ಒಂದೇ, ಆದರೆ ಅದರಿಂದ ರಕ್ಷಣೆ ಸಿಗುವುದು ಇವರಲ್ಲಿ ಒಬ್ಬರಿಗೆ ಮಾತ್ರ.

“ವಿಚಾರಿಸಿದ್ದರೆ ತಿಳಿಯುತ್ತಿತ್ತಲ್ಲ” ಎಂದು ಎದುರಾಳಿ ಹೇಳಿದರೆ ಹೆದರಬೇಡಿ. ತಿಳಿದಿತ್ತು ಎಂಬುದೂ ತಿಳಿಯಬಹುದಿತ್ತು ಎಂಬುದೂ ಬೇರೆ ಬೇರೆ. ಆದರೂ ನೀವು ವಿಚಾರಿಸಿದ ಕುರುಹು ಇದ್ದರೆ ನಿಮ್ಮ ನಂಬಿಕೆಗೆ ಬಲ ಬರುತ್ತದೆ. ವಕೀಲರ ಅಭಿಪ್ರಾಯ ಪತ್ರ, ಋಣಭಾರ ಪತ್ರ, ಉತಾರದ ಪ್ರತಿ, ಆ ಫೆಬ್ರವರಿಯ ಫೋನ್ ಕರೆ ಇವೆಲ್ಲವನ್ನೂ ಎತ್ತಿಡಿ.

ಹಂತ 3: ನಂಬಿ ಮಾಡಿದ್ದೇನು, ಆಮೇಲೆ ಮಾಡಿದ್ದೇ?

ಕಲಮಿನ ಶಬ್ದಗಳಲ್ಲಿ ಇರುವುದು “ಆ ನಂಬಿಕೆಯ ಮೇಲೆ ನಡೆದುಕೊಳ್ಳುವುದು” ಎಂಬುದಷ್ಟೇ. ಆದರೆ ಹೀಗೆ ನಡೆದುಕೊಂಡದ್ದರಿಂದ ನಿಮ್ಮ ಸ್ಥಿತಿ ಬದಲಾಗಿರಬೇಕು, ಹೇಳಿದವನು ಮಾತು ತಪ್ಪಿದರೆ ನಿಮಗೆ ಹಾನಿಯಾಗಬೇಕು ಎಂದು ನ್ಯಾಯಾಲಯಗಳು ನೋಡುತ್ತವೆ. ಏನೂ ಕಳೆದುಕೊಳ್ಳದವನಿಗೆ ಎಸ್ಟಾಪಲ್ ಬೇಕಾಗಿಯೂ ಇಲ್ಲ.

ಹಾಳೆಯ ಮೇಲೆ ಒಂದು ಗೆರೆ ಎಳೆಯಿರಿ. ಗೆರೆಯ ಮೇಲೆ ತಮ್ಮ ಮಾತಾಡಿದ ದಿನಕ್ಕಿಂತ ಮೊದಲಿನ ಖರ್ಚು, ಕೆಳಗೆ ನಂತರದ್ದು. ನಮ್ಮ ಉದಾಹರಣೆಯಲ್ಲಿ ಕೊಳ್ಳುವವರು 2021ರ ಜನವರಿಯಲ್ಲೇ ಅಳತೆಗೂ ಕಾಗದಪತ್ರಕ್ಕೂ 40 ಸಾವಿರ ಖರ್ಚು ಮಾಡಿದ್ದರು ಎಂದುಕೊಳ್ಳಿ. ಅದು ಗೆರೆಯ ಮೇಲಿನದು. ಫೆಬ್ರವರಿಯ ಮಾತನ್ನು ನಂಬಿ ಜನವರಿಯಲ್ಲಿ ಖರ್ಚು ಮಾಡಲು ಆಗುವುದಿಲ್ಲವಲ್ಲ, ಅದನ್ನು ಲೆಕ್ಕದಿಂದ ಬಿಡಿ. ಮಾರ್ಚ್‌ನ 12 ಲಕ್ಷ, ಜೂನ್‌ನಲ್ಲಿ ನೆಟ್ಟ 400 ಸಸಿ, 2022ರ ಬೇಸಿಗೆಯಲ್ಲಿ ತೋಡಿದ ಬಾವಿ, ಹೆಸ್ಕಾಂ ಸಂಪರ್ಕ, ಸಹಕಾರ ಸಂಘದ ಸಾಲ ಎಲ್ಲವೂ ಗೆರೆಯ ಕೆಳಗೆ. ನೆಟ್ಟ ವರ್ಷವೇ ಅಡಿಕೆ ಫಲ ಕೊಡುವುದಿಲ್ಲ, ಮೊದಲ ಕೊನೆ ಕಾಣಲು ಹಲವು ವರ್ಷ ಕಾಯಬೇಕು. ಹಾಗಾಗಿ ಇಲ್ಲಿಯ ಹಾನಿಯಲ್ಲಿ ಹಣದ ಜೊತೆಗೆ ಹೋದ ವರ್ಷಗಳೂ ಸೇರುತ್ತವೆ. ಅದನ್ನೂ ಬರೆಯಿರಿ.

ಮಾತು ಮತ್ತು ಖರ್ಚಿನ ನಡುವೆ ಕೊಂಡಿ ಇದೆಯೇ ಎಂಬುದನ್ನೂ ನೋಡಿ. ತಮ್ಮ ಏನೇ ಹೇಳಿದ್ದರೂ ನೀವು ಕೊಳ್ಳುವವರೇ ಆಗಿದ್ದಿರಿ ಎಂದು ತೋರಿಬಂದರೆ ಕೊಂಡಿ ಕಳಚುತ್ತದೆ. ಅವನ ಸಂದೇಶ ಬರುವ ಮೊದಲೇ ಪೂರ್ತಿ ಹಣ ಸಂದಾಯವಾಗಿತ್ತೇ? ಹಾಗಿದ್ದರೆ ಖರೀದಿಯ ಮಟ್ಟಿಗೆ ಎಸ್ಟಾಪಲ್ ಇಲ್ಲ, ಆಮೇಲೆ ತೋಡಿದ ಬಾವಿಯ ಮಟ್ಟಿಗೆ ವಾದಿಸಬಹುದು. ತದ್ವಿರುದ್ಧವಾಗಿ, “ತಮ್ಮನ ಉತ್ತರ ಬರದೆ ಮುಂಗಡ ಕೊಡಬೇಡಿ” ಎಂದು ವಕೀಲರು ಬರೆದ ಒಂದು ಸಾಲು ಸಿಕ್ಕರೆ ಕೊಂಡಿಗೆ ಅದಕ್ಕಿಂತ ಒಳ್ಳೆಯ ಪುರಾವೆ ಬೇಕಿಲ್ಲ.

ಹಂತ 4: ಕಾಯ್ದೆಯೇ ಅಡ್ಡ ನಿಂತಿದೆಯೇ ನೋಡಿ

ಮೂರೂ ಹಂತ ದಾಟಿದ ಮೇಲೂ ಇಲ್ಲಿ ನಿಲ್ಲಬೇಕಾಗಬಹುದು. ಕಾಯ್ದೆ ನಿಷೇಧಿಸಿದ ವ್ಯವಹಾರವನ್ನು ಯಾರ ಮಾತೂ ಸಕ್ರಮ ಮಾಡಲಾರದು. ನಮ್ಮ ಜಿಲ್ಲೆಯಲ್ಲಿ ಗೇಣಿ ಜಮೀನು ಬಹಳ. ಭೂಸುಧಾರಣಾ ಕಾಯ್ದೆಯಡಿ ಅಧಿಭೋಗದಾರಿ ಹಕ್ಕು ಸಿಕ್ಕ ಜಮೀನನ್ನು 15 ವರ್ಷ ಮಾರುವಂತಿಲ್ಲ ಎಂದು ಅದರ 61ನೇ ಕಲಮು ಹೇಳುತ್ತದೆ. ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡದವರಿಗೆ ಸರ್ಕಾರ ಮಂಜೂರು ಮಾಡಿದ ಜಮೀನಿಗೆ 1978ರ ಪರಭಾರೆ ನಿಷೇಧ ಕಾಯ್ದೆ ಇದೆ, ಸರ್ಕಾರದ ಅನುಮತಿಯಿಲ್ಲದ ಮಾರಾಟ ನಿಲ್ಲುವುದಿಲ್ಲ. ಮಾರಿದವನೇ ಬಂದು ಜಮೀನು ವಾಪಸು ಕೇಳಿದರೂ “ನೀನೇ ಮಾರಿದ್ದೆಯಲ್ಲ” ಎಂಬ ಉತ್ತರ ಅಲ್ಲಿ ನಡೆಯುವುದಿಲ್ಲ. ಬಲಹೀನರ ಕೈಯಿಂದ ಜಮೀನು ಜಾರಬಾರದೆಂದು ಮಾಡಿದ ಈ ನಿಷೇಧಗಳು ಎಸ್ಟಾಪಲ್‌ನಿಂದ ಸಡಿಲವಾಗದಿರುವುದು ಸರಿಯೇ ಎಂಬುದು ನನ್ನ ಅಭಿಪ್ರಾಯ. ಅಪ್ರಾಪ್ತರು ಆಡಿದ ಮಾತಿಗೂ ಹೀಗೆಯೇ, ಅವರನ್ನು ಎಸ್ಟಾಪಲ್‌ನಿಂದ ಕರಾರಿಗೆ ಕಟ್ಟಿಹಾಕಲಾಗದು.

ನಮ್ಮ ಉದಾಹರಣೆಯ ತೋಟಕ್ಕೆ ಇಂಥ ತಡೆ ಇಲ್ಲ. ಮುಂದೆ ಹೋಗೋಣ.

ಹಂತ 5: ಫೋನನ್ನು ಜೋಪಾನ ಮಾಡಿ

ಧ್ವನಿ ಸಂದೇಶ ಬಂದ ಮೂಲ ಫೋನ್ ನಿಮ್ಮಲ್ಲಿದ್ದರೆ ಅದನ್ನು ಮಾರಬೇಡಿ, ರೀಸೆಟ್ ಮಾಡಬೇಡಿ. ಮೂಲ ಸಾಧನವನ್ನೇ ಹಾಜರುಪಡಿಸುವುದು ಒಂದು ದಾರಿ. ಪೆನ್‌ಡ್ರೈವ್‌ನಲ್ಲಿ ನಕಲು ಅಥವಾ ಸ್ಕ್ರೀನ್‌ಶಾಟ್‌ನ ಮುದ್ರಿತ ಪ್ರತಿ ಕೊಡುವುದಾದರೆ ಅಧಿನಿಯಮದ 63ನೇ ಕಲಮಿನ ಪ್ರಮಾಣಪತ್ರ ಜೊತೆಗಿರಬೇಕು. ಹಳೆಯ ಕಾಯ್ದೆಯಲ್ಲಿ 65ಬಿ ಎಂದು ಕರೆಯುತ್ತಿದ್ದುದು ಇದೇ. ಅನುಸೂಚಿಯಲ್ಲಿ ಅದರ ನಮೂನೆ ಇದೆ. ಒಂದು ಭಾಗವನ್ನು ನೀವು ತುಂಬಬೇಕು, ಇನ್ನೊಂದನ್ನು ತಜ್ಞರು. ಕಡತದ ಹ್ಯಾಶ್ ಮೌಲ್ಯವನ್ನೂ ಅದರಲ್ಲಿ ನಮೂದಿಸಬೇಕು. ಕಡತ ಆಮೇಲೆ ತಿದ್ದುಪಡಿಯಾಗಿಲ್ಲ ಎಂದು ತೋರಿಸುವ ಗುರುತಿನ ಅಕ್ಷರಸರಣಿ ಅದು.

ಸಂದೇಶವನ್ನು ಮಾತ್ರ ಕತ್ತರಿಸಿ ಕೊಡದೆ ಅದರ ಹಿಂದುಮುಂದಿನ ಸಂಭಾಷಣೆಯನ್ನೂ ಕೊಡಿ. “ನಿಮ್ಮ ಪಾಲಿದೆಯಾ?” ಎಂದು ನೀವು ಕೇಳಿದ ಪ್ರಶ್ನೆ ಅದೇ ಪರದೆಯ ಮೇಲೆ ಕಂಡರೆ, ಆ ಮಾತು ನೀವು ನಂಬಲೆಂದೇ ಆಡಿದ್ದು ಎಂಬುದಕ್ಕೆ ಬೇರೆ ಸಾಕ್ಷಿ ಬೇಕಾಗುವುದಿಲ್ಲ. ಬರೀ ಫೋನ್ ಮಾತಾಗಿದ್ದು ದಾಖಲೆ ಇಲ್ಲದಿದ್ದರೆ, ಆ ಹೊತ್ತಿಗೆ ಪಕ್ಕದಲ್ಲಿದ್ದು ಸ್ಪೀಕರ್‌ನಲ್ಲಿ ಕೇಳಿದವರು ಸಾಕ್ಷಿ ಹೇಳಬೇಕಾಗುತ್ತದೆ.

ಹಂತ 6: ಲಿಖಿತ ಹೇಳಿಕೆಯಲ್ಲಿ ಬಿಡಿಸಿ ಬರೆಸಿ

ದಾವೆಗೆ ಪ್ರತಿವಾದಿ ಕೊಡುವ ಉತ್ತರವೇ ಲಿಖಿತ ಹೇಳಿಕೆ. ಸಮನ್ಸ್ ಮುಟ್ಟಿದ 30 ದಿನದೊಳಗೆ ಕೊಡಬೇಕು, ನ್ಯಾಯಾಲಯ ಕಾರಣ ಬರೆದು 90 ದಿನದವರೆಗೆ ಕಾಲಾವಕಾಶ ಕೊಡಬಹುದು. ಎಸ್ಟಾಪಲ್ ತಾನಾಗಿ ಬರುವುದಿಲ್ಲ, ನೀವೇ ಎತ್ತಬೇಕು. “ವಾದಿಗೆ ಎಸ್ಟಾಪಲ್ ಅಡ್ಡಿಯಾಗುತ್ತದೆ” ಎಂಬ ಒಂದೇ ಸಾಲು ಬರೆದು ಬಿಟ್ಟ ಉತ್ತರಗಳು ಬೇಕಾದಷ್ಟಿವೆ, ಅವುಗಳಿಂದ ಏನೂ ಆಗುವುದಿಲ್ಲ. ಹೇಳಿದ ದಿನಾಂಕ, ಹೇಳಿದ ಶಬ್ದ, ನಿಜ ನಿಮಗೆ ಗೊತ್ತಿರಲಿಲ್ಲ ಎಂಬುದು, ಗೆರೆಯ ಕೆಳಗಿನ ಖರ್ಚಿನ ಪಟ್ಟಿ ಇಷ್ಟೂ ಉತ್ತರದಲ್ಲೇ ಇರಬೇಕು. ಆಗ ಮಾತ್ರ ನ್ಯಾಯಾಧೀಶರು ಅದರ ಮೇಲೆ ವಿವಾದಾಂಶ ರಚಿಸುತ್ತಾರೆ. ವಿವಾದಾಂಶ ಎಂದರೆ ಎರಡೂ ಕಡೆಯವರು ಸಾಕ್ಷ್ಯ ಕೊಟ್ಟು ತೀರ್ಮಾನವಾಗಬೇಕಾದ ಪ್ರಶ್ನೆ. ಉತ್ತರದಲ್ಲಿ ಇಲ್ಲದ್ದನ್ನು ಸಾಕ್ಷಿಕಟ್ಟೆಯಲ್ಲಿ ಮೊದಲ ಬಾರಿಗೆ ಹೇಳಹೊರಟರೆ ಎದುರು ವಕೀಲರು ತಡೆಯುತ್ತಾರೆ.

ಈಗ ನಮ್ಮ ಕುಮಟಾದವರ ಸ್ಥಿತಿ ನೋಡೋಣ. ತಮ್ಮನ ಮಟ್ಟಿಗೆ ಮೂರೂ ಅಂಶ ಕೂಡಿಬಂದಿವೆ: ಹಿಸೆ ಆಗಿದೆಯೆಂಬ ಸ್ಪಷ್ಟ ಹೇಳಿಕೆ, ಹೊರಗಿನವರ ಪ್ರಾಮಾಣಿಕ ನಂಬಿಕೆ, ಆಮೇಲಿನ 12 ಲಕ್ಷ ಮತ್ತು ನಾಲ್ಕು ವರ್ಷದ ತೋಟ. ಹಿಸೆ ಆಗಿಲ್ಲ ಎಂದು ಅವನು ಇವರ ವಿರುದ್ಧ ಹೇಳುವಂತಿಲ್ಲ. ನಾಳೆ ಅವನ ಮಕ್ಕಳೂ ಹೇಳುವಂತಿಲ್ಲ. ಅವನ 10 ಗುಂಟೆ, ಅಣ್ಣ ಮಾರಿದ ಅಣ್ಣನದೇ 10 ಗುಂಟೆ, ಒಟ್ಟು 20 ಗುಂಟೆಯ ಮಟ್ಟಿಗೆ ಕೊಂಡವರು ಗಟ್ಟಿ.

ಉಳಿದ 10 ಗುಂಟೆ ಅಂಕೋಲೆಯ ತಂಗಿಯದು. ಅವಳನ್ನು ಯಾರೂ ಕೇಳಿಲ್ಲ, ಅವಳು ಏನೂ ಹೇಳಿಲ್ಲ. ಎಸ್ಟಾಪಲ್ ಕಟ್ಟಿಹಾಕುವುದು ಹೇಳಿದವರನ್ನೂ ಅವರ ಮೂಲಕ ಹಕ್ಕು ಪಡೆದವರನ್ನೂ ಮಾತ್ರ. ತಮ್ಮ “ಹಿಸೆ ಆಗಿದೆ” ಎಂದಿದ್ದು ತಂಗಿಗೆ ತಟ್ಟುವುದಿಲ್ಲ. ಪಾಲಿನ ದಾವೆಗೆ ಎಲ್ಲ ಪಾಲುದಾರರೂ ಬೇಕಾದ್ದರಿಂದ ಅವಳೂ ಪಕ್ಷಗಾರಳಾಗುತ್ತಾಳೆ, ತನ್ನ ಪಾಲು ಕೇಳುತ್ತಾಳೆ, ಪಡೆಯುತ್ತಾಳೆ. ಹೆಣ್ಣುಮಕ್ಕಳನ್ನು ಒಂದು ಮಾತೂ ಕೇಳದೆ ಜಮೀನು ಕೊಳ್ಳುವ ರೂಢಿ ನಮ್ಮಲ್ಲಿ ಇನ್ನೂ ಹೋಗಿಲ್ಲ. ನನ್ನ ಬಳಿ ಬರುವ ಪ್ರಶ್ನೆಗಳಲ್ಲಿ ಎಸ್ಟಾಪಲ್ ಅರ್ಧಕ್ಕೆ ನಿಲ್ಲುವುದು ಬಹುಪಾಲು ಇದೇ ಕಾರಣಕ್ಕೆ.

ಆದರೆ ಲಿಖಿತ ಹೇಳಿಕೆಯಲ್ಲಿ ಇನ್ನೊಂದು ಕೋರಿಕೆಗೆ ಜಾಗವಿದೆ. ಆ ಕುಟುಂಬಕ್ಕೆ ಗದ್ದೆಯೋ ಮನೆಯೋ ಬೇರೆ ಆಸ್ತಿಯೂ ಇದ್ದರೆ, ತಂಗಿಯ ಪಾಲನ್ನು ಅದರಲ್ಲಿ ಕೊಟ್ಟು, ಮಾರಾಟವಾದ ತೋಟವನ್ನು ಸಾಧ್ಯವಾದ ಮಟ್ಟಿಗೆ ಅಣ್ಣನ ಪಾಲಿಗೆ ಹಚ್ಚಬೇಕು ಎಂದು ಕೊಂಡವರು ಕೇಳಬಹುದು. ತಂಗಿಗೆ ಅನ್ಯಾಯವಾಗದಿದ್ದರೆ ನ್ಯಾಯಾಲಯ ಇದನ್ನು ಪರಿಗಣಿಸುತ್ತದೆ. ಅದಕ್ಕೆ ಕುಟುಂಬದ ಎಲ್ಲ ಆಸ್ತಿಯೂ ದಾವೆಯ ಪಟ್ಟಿಯಲ್ಲಿ ಇರಬೇಕು. ತಮ್ಮ ಬೇಕೆಂದೇ ಈ ತೋಟವೊಂದಕ್ಕೇ ದಾವೆ ಹಾಕಿದ್ದರೆ, ಉಳಿದ ಸರ್ವೆ ನಂಬರುಗಳ ಉತಾರ ತೆಗೆಸಿ, ಅವುಗಳನ್ನೂ ಸೇರಿಸಬೇಕೆಂಬ ಆಕ್ಷೇಪವನ್ನು ಇದೇ ಲಿಖಿತ ಹೇಳಿಕೆಯಲ್ಲಿ ಎತ್ತಲು ನಿಮ್ಮ ವಕೀಲರಿಗೆ ಹೇಳಿ.